ಸ್ಟಾರ್ಟಪ್ ಕೈಬದಲಾದಾಗ ಒಪ್ಪಂದಗಳು ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಸ್ಟಾರ್ಟಪ್ ಒಂದನ್ನು ಇನ್ನೊಂದು ಕಂಪನಿ ಕೊಳ್ಳಲು ಮುಂದಾದಾಗ ಒಪ್ಪಂದಗಳ ಬಗ್ಗೆ ಎರಡು ಪ್ರಶ್ನೆ ಏಳುತ್ತವೆ. ಈ ವ್ಯವಹಾರದಿಂದ ಒಪ್ಪಂದವು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆಯೇ? ಒಪ್ಪಂದ ಇದ್ದಲ್ಲೇ ಇದ್ದು, ಸ್ಟಾರ್ಟಪ್‌ನ ಒಡೆತನ ಮಾತ್ರ ಬದಲಾಗುತ್ತದೆಯೇ? ಮೊದಲನೆಯದನ್ನು ವರ್ಗಾವಣೆ ಷರತ್ತು ನೋಡಿಕೊಳ್ಳುತ್ತದೆ, ಎರಡನೆಯದನ್ನು ನಿಯಂತ್ರಣ ಬದಲಾವಣೆ ಷರತ್ತು. ಇವೆರಡನ್ನೂ ಒಂದೇ ಎಂದುಕೊಂಡು ಓದಿದರೆ ಬೇಡದ ಕಡೆ ಒಪ್ಪಿಗೆ ಕೇಳುತ್ತೀರಿ, ಬೇಕಾದ ಕಡೆ ಮರೆಯುತ್ತೀರಿ.

ಕೆಳಗಿನ ಹಂತಗಳನ್ನು ಒಂದು ಕಾಲ್ಪನಿಕ ಉದಾಹರಣೆಯ ಜೊತೆಗೆ ನೋಡೋಣ. ಸರಕು ವಾಹನಗಳಿಗೆ ದಾರಿ ಯೋಜಿಸುವ ತಂತ್ರಾಂಶ ಮಾರುವ ಒಂದು ಸ್ಟಾರ್ಟಪ್ ಇದೆ ಎಂದುಕೊಳ್ಳಿ. ಅದರ ಒಟ್ಟು ಒಪ್ಪಂದಗಳು 42. ಅವುಗಳಲ್ಲಿ ಜೀವಾಳವಾದವು ಮೂರು: ಆದಾಯದ ಶೇ 40ರಷ್ಟು ತರುವ ಒಬ್ಬ ಚಿಲ್ಲರೆ ಮಾರಾಟಗಾರನ ಒಪ್ಪಂದ, ತಂತ್ರಾಂಶದ ಒಳಗಿರುವ ನಕ್ಷೆ ದತ್ತಾಂಶದ ಲೈಸೆನ್ಸ್, ಮತ್ತು ಬ್ಯಾಂಕ್ ಸಾಲ.

ಹಂತ 1: ವ್ಯವಹಾರದ ರೂಪ ಯಾವುದೆಂದು ಮೊದಲು ತಿಳಿಯಿರಿ

ಒಪ್ಪಂದದ ಕಡತ ತೆರೆಯುವ ಮುನ್ನವೇ ಇದು ಗೊತ್ತಿರಬೇಕು. ಷೇರು ಖರೀದಿಯಾದರೆ ಸ್ಟಾರ್ಟಪ್‌ನ ಷೇರುದಾರರು ಬದಲಾಗುತ್ತಾರೆ, ಸ್ಟಾರ್ಟಪ್ ಮಾತ್ರ ಹಾಗೇ ಉಳಿಯುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿ ಅದೇ ಆಗಿರುವುದರಿಂದ ಇಲ್ಲಿ ವರ್ಗಾವಣೆ ನಡೆದಿಲ್ಲ ಎಂಬುದು ಸಾಮಾನ್ಯ ನಿಯಮ. ಆಸ್ತಿ ಖರೀದಿಯಲ್ಲಿ ಪರಿಸ್ಥಿತಿ ತಲೆಕೆಳಗು: ಪ್ರತಿಯೊಂದು ಒಪ್ಪಂದವೂ ಖರೀದಿದಾರನ ಹೆಸರಿಗೆ ಬರಬೇಕು. ಆದ್ದರಿಂದ ವರ್ಗಾವಣೆಯನ್ನು ತಡೆಯುವ ಷರತ್ತುಗಳೆಲ್ಲ ಎಚ್ಚರಗೊಳ್ಳುತ್ತವೆ.

ವಿಲೀನದಲ್ಲಿ ಯಾವ ಕಂಪನಿ ಉಳಿಯುತ್ತದೆ ಎಂಬುದೇ ಮುಖ್ಯ. ಸ್ಟಾರ್ಟಪ್ ಇನ್ನೊಂದರಲ್ಲಿ ಕರಗಿಹೋದರೆ ಅದರ ಒಪ್ಪಂದಗಳು ಕಾನೂನಿನ ಬಲದಿಂದ ಹೊಸ ಕೈಗೆ ಹೋಗುತ್ತವೆ. ಹಲವು ಷರತ್ತುಗಳು ಇದನ್ನೂ ವರ್ಗಾವಣೆ ಎಂದೇ ಎಣಿಸುತ್ತವೆ. ಈ ತೊಡಕು ತಪ್ಪಿಸಲೆಂದೇ ಅಮೆರಿಕದಲ್ಲಿ ಹಿಮ್ಮುಖ ತ್ರಿಕೋನ ವಿಲೀನ ಬಳಕೆಗೆ ಬಂತು. ಖರೀದಿದಾರ ಒಂದು ಚಿಕ್ಕ ಅಂಗಸಂಸ್ಥೆ ಹುಟ್ಟುಹಾಕಿ ಅದನ್ನು ಸ್ಟಾರ್ಟಪ್‌ನಲ್ಲಿ ವಿಲೀನ ಮಾಡುತ್ತಾನೆ, ಉಳಿಯುವುದು ಸ್ಟಾರ್ಟಪ್. ರೋಶ್ ಕಂಪನಿ ಬಯೊವೆರಿಸ್ ಅನ್ನು ಕೊಂಡ ಪ್ರಕರಣದಲ್ಲಿ ಡೆಲಾವೇರ್ ಚಾನ್ಸರಿ ನ್ಯಾಯಾಲಯ 2013ರಲ್ಲಿ ಇಂಥ ವಿಲೀನ ಕಾನೂನಿನ ಬಲದಿಂದಾಗುವ ವರ್ಗಾವಣೆಯಲ್ಲ ಎಂದು ತೀರ್ಪು ಕೊಟ್ಟಿತು. ಆದರೆ ಕ್ಯಾಲಿಫೋರ್ನಿಯಾದ ಒಂದು ಫೆಡರಲ್ ನ್ಯಾಯಾಲಯ 1991ರಲ್ಲಿ, ಒರಾಕಲ್ ಕಂಪನಿಯ ತಂತ್ರಾಂಶ ಲೈಸೆನ್ಸ್ ಕುರಿತ ಪ್ರಕರಣದಲ್ಲಿ, ಇದಕ್ಕೆ ವಿರುದ್ಧವಾದ ನಿಲುವು ತಳೆದಿತ್ತು. ಹಾಗಾಗಿ ಒಪ್ಪಂದಕ್ಕೆ ಯಾವ ಊರಿನ ಕಾನೂನು ಅನ್ವಯಿಸುತ್ತದೆ ಎಂಬ ಷರತ್ತನ್ನೂ ನೋಡಿ ಗುರುತು ಹಾಕಿಕೊಳ್ಳಿ.

ಹಂತ 2: ಎಲ್ಲವನ್ನೂ ಅಲ್ಲ, ಮುಖ್ಯವಾದವನ್ನು ಪೂರ್ತಿ ಓದಿ

42 ಒಪ್ಪಂದಗಳನ್ನೂ ಒಂದೇ ಶ್ರದ್ಧೆಯಿಂದ ಓದುವ ಅಗತ್ಯವಿಲ್ಲ. ಯಾವುದು ನಿಂತರೆ ವ್ಯಾಪಾರವೇ ನಿಲ್ಲುತ್ತದೆ, ಯಾವುದಕ್ಕೆ ಬದಲಿ ಸಿಗುವುದಿಲ್ಲ, ಯಾವುದರಿಂದ ಒಮ್ಮೆಲೇ ದುಡ್ಡು ಕಟ್ಟಬೇಕಾಗುತ್ತದೆ ಎಂದು ಕೇಳಿಕೊಂಡರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ. ಬೇರೆಯವರಿಂದ ಪಡೆದ ಪೇಟೆಂಟ್, ತಂತ್ರಾಂಶ, ದತ್ತಾಂಶಗಳ ಲೈಸೆನ್ಸ್‌ಗಳು ಮೊತ್ತ ಚಿಕ್ಕದಿದ್ದರೂ ಈ ಪಟ್ಟಿಯಲ್ಲಿ ಇರಲೇಬೇಕು.

ಹಾಗೆ ಆರಿಸಿದ್ದನ್ನು ಮಾತ್ರ ಮೊದಲ ಪುಟದಿಂದ ಕೊನೆಯ ತಿದ್ದುಪಡಿಯವರೆಗೆ ಓದಿ. ವರ್ಗಾವಣೆ ಎಂಬ ಶೀರ್ಷಿಕೆಯ ಕೆಳಗೆ ಹುಡುಕಿ ಮುಗಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ನಿಯಂತ್ರಣ ಬದಲಾವಣೆ ಬಹಳ ಸಲ ರದ್ದತಿಯ ಷರತ್ತಿನಲ್ಲೋ ವ್ಯಾಖ್ಯಾನಗಳ ನಡುವೆಯೋ ಸಾಲದ ಸುಸ್ತಿಯ ಪಟ್ಟಿಯಲ್ಲೋ ಕುಳಿತಿರುತ್ತದೆ.

ನಮ್ಮ ಚಿಲ್ಲರೆ ಮಾರಾಟಗಾರನ ಒಪ್ಪಂದವನ್ನೇ ನೋಡಿ. ವರ್ಗಾವಣೆಯ ಷರತ್ತು ಹೀಗಿದೆ: "ಇನ್ನೊಬ್ಬರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಪಕ್ಷವೂ ಈ ಒಪ್ಪಂದವನ್ನು ವರ್ಗಾಯಿಸುವಂತಿಲ್ಲ." ಷೇರು ಖರೀದಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮೂರು ಪುಟ ಹಿಂದೆ, ರದ್ದತಿಯ ಭಾಗದಲ್ಲಿ, ಇನ್ನೊಂದು ಸಾಲಿದೆ: "ಸರಬರಾಜುದಾರರ ಶೇ 50ಕ್ಕಿಂತ ಹೆಚ್ಚು ಷೇರುಗಳು ನೇರವಾಗಿ ಅಥವಾ ಪರೋಕ್ಷವಾಗಿ ಗ್ರಾಹಕರ ಪ್ರತಿಸ್ಪರ್ಧಿಯ ಕೈಸೇರಿದರೆ, ವಿಷಯ ತಿಳಿದ 60 ದಿನಗಳೊಳಗೆ ಗ್ರಾಹಕರು ಒಪ್ಪಂದವನ್ನು ರದ್ದುಮಾಡಬಹುದು." ಇನ್ನು ವ್ಯಾಖ್ಯಾನಗಳ ಪುಟ ಹೇಳುವಂತೆ, ಪ್ರತಿಸ್ಪರ್ಧಿ ಎಂದರೆ ಅದರ ಮಾತೃಸಂಸ್ಥೆಯೂ ಅಂಗಸಂಸ್ಥೆಗಳೂ ಸೇರಿದಂತೆ. ಖರೀದಿದಾರ ಕಂಪನಿಯ ಅಂಗಸಂಸ್ಥೆಯೊಂದು ಆನ್‌ಲೈನ್ ಅಂಗಡಿ ನಡೆಸುತ್ತಿದ್ದರೆ ಆದಾಯದ ಶೇ 40 ಈಗ ಅಪಾಯದಲ್ಲಿದೆ. ಮೂರು ಕಡೆಯ ಮೂರು ವಾಕ್ಯಗಳನ್ನು ಜೋಡಿಸಿ ಓದದೆ ಇದು ಕಾಣುವುದಿಲ್ಲ.

ಹಂತ 3: ಪ್ರತಿ ಷರತ್ತಿಗೂ ಇದೇ ಪ್ರಶ್ನೆಗಳನ್ನು ಹಾಕಿ

ಷರತ್ತನ್ನು ಎಬ್ಬಿಸುವ ಘಟನೆ ಯಾವುದು? ಎದ್ದ ಮೇಲೆ ಏನಾಗುತ್ತದೆ: ಮುಂಚಿತ ಒಪ್ಪಿಗೆಯೋ, ಬರೀ ತಿಳಿವಳಿಕೆಯೋ, ರದ್ದು ಮಾಡುವ ಹಕ್ಕೋ, ಪೂರ್ತಿ ಬಾಕಿ ಕಟ್ಟುವುದೋ? ಒಪ್ಪಿಗೆಯನ್ನು ಸಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ ಎಂಬ ಮಾತು ಇದೆಯೇ? ಉತ್ತರಗಳನ್ನು ಷರತ್ತಿನ ಮೂಲ ಪದಗಳ ಜೊತೆಗೇ ಬರೆದಿಡಿ. ಸಾರಾಂಶ ಮಾತ್ರ ಬರೆದರೆ "ಪರೋಕ್ಷವಾಗಿ" ಎಂಬ ಒಂದು ಪದ ಬಿದ್ದುಹೋಗಿ ಇಡೀ ತೀರ್ಮಾನ ತಪ್ಪಬಹುದು.

ನಕ್ಷೆ ದತ್ತಾಂಶದ ಲೈಸೆನ್ಸ್ "ವಿಲೀನದಿಂದ ಅಥವಾ ಕಾನೂನಿನ ಬಲದಿಂದ ಆಗುವುದೂ ಸೇರಿದಂತೆ" ಎಲ್ಲ ವರ್ಗಾವಣೆಯನ್ನೂ ನಿಷೇಧಿಸಿದೆ. ನಿಯಂತ್ರಣ ಬದಲಾವಣೆಯ ಮಾತೇ ಇಲ್ಲ. ಹಾಗಾಗಿ ಷೇರು ಖರೀದಿಯಾದರೆ ಲೈಸೆನ್ಸ್ ಉಳಿಯುತ್ತದೆ, ಆಸ್ತಿ ಖರೀದಿಯಾದರೆ ಒಪ್ಪಿಗೆ ಬೇಕೇ ಬೇಕು. ಬ್ಯಾಂಕ್ ಸಾಲದ ಪತ್ರದಲ್ಲಿ ನಿಯಂತ್ರಣ ಬದಲಾದರೆ ಅದೇ ಸುಸ್ತಿ, ಬಾಕಿಯೆಲ್ಲ ತಕ್ಷಣ ಕಟ್ಟಬೇಕು ಎಂದಿದೆ. ಇದಕ್ಕೆ ಪರಿಹಾರ ಸುಲಭ: ವ್ಯವಹಾರ ಮುಗಿಯುವ ದಿನ ಖರೀದಿಯ ಹಣದಿಂದಲೇ ಸಾಲ ತೀರಿಸಿ, ಬ್ಯಾಂಕಿನಿಂದ ಋಣಮುಕ್ತಿ ಪತ್ರ ಪಡೆಯುವುದು.

ಒಪ್ಪಂದ ಏನೂ ಹೇಳದಿದ್ದರೆ? ಮೌನವನ್ನು ಅನುಮತಿ ಎಂದುಕೊಳ್ಳಬೇಡಿ. ಹಣ ಪಡೆಯುವಂಥ ಹಕ್ಕುಗಳನ್ನು ಸಾಮಾನ್ಯವಾಗಿ ವರ್ಗಾಯಿಸಬಹುದು. ಹೊಣೆಯನ್ನು ಮಾತ್ರ ಎದುರು ಪಕ್ಷದ ಒಪ್ಪಿಗೆಯಿಲ್ಲದೆ ಕಳಚಿಕೊಳ್ಳಲಾಗದು. ಅದಕ್ಕೆ ನೊವೇಶನ್ ಬೇಕು, ಅಂದರೆ ಬಿಡುವವರು, ಬರುವವರು, ಎದುರು ಪಕ್ಷ ಮೂವರೂ ಸಹಿ ಹಾಕಿ ಹಳೆಯ ಒಪ್ಪಂದದ ಜಾಗಕ್ಕೆ ಹೊಸದನ್ನು ತರುವುದು. ಪೇಟೆಂಟ್ ಮತ್ತು ಕೃತಿಸ್ವಾಮ್ಯದ ಏಕಸ್ವಾಮ್ಯವಲ್ಲದ ಲೈಸೆನ್ಸ್‌ಗಳ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳು ಇನ್ನೂ ಬಿಗಿ: ಒಪ್ಪಂದ ಸುಮ್ಮನಿದ್ದರೂ ಲೈಸೆನ್ಸ್ ಕೊಟ್ಟವರ ಒಪ್ಪಿಗೆಯಿಲ್ಲದೆ ಅದು ವರ್ಗವಾಗದು ಎಂದೇ ಅವು ಬಹುತೇಕ ಹೇಳಿವೆ.

ಈ ಹಂತದಲ್ಲಿ ಹಿಂದಕ್ಕೂ ಒಮ್ಮೆ ನೋಡಿ. ಹಿಂದಿನ ಹೂಡಿಕೆಯ ಸುತ್ತಿನಲ್ಲಿ ಸ್ಥಾಪಕರ ಪಾಲು ಶೇ 50ಕ್ಕಿಂತ ಕೆಳಗಿಳಿದಿದ್ದರೆ, ಷರತ್ತಿನ ಪದಗಳನ್ನು ಅವಲಂಬಿಸಿ, ನಿಯಂತ್ರಣ ಬದಲಾವಣೆ ಆಗಲೇ ಆಗಿಹೋಗಿರಬಹುದು. ಆಗ ಯಾರೂ ಒಪ್ಪಿಗೆ ಕೇಳಿರದಿದ್ದರೆ ಹಳೆಯ ಉಲ್ಲಂಘನೆಯೊಂದು ಕಡತದಲ್ಲೇ ಇದೆ ಎಂದರ್ಥ. ಹೊಸ ಒಪ್ಪಿಗೆ ಕೇಳುವಾಗಲೇ ಅದನ್ನೂ ಮನ್ನಾ ಮಾಡಿಸಿಕೊಳ್ಳಬೇಕು.

ಹಂತ 4: ಒಪ್ಪಿಗೆ ಕೇಳುವುದು

ಯಾವಾಗ ಕೇಳಬೇಕು ಎಂಬುದೇ ಇಲ್ಲಿನ ಕಷ್ಟ. ಬೇಗ ಕೇಳಿದರೆ ಗುಟ್ಟು ಹೊರಬೀಳುತ್ತದೆ. ತಡವಾಗಿ ಕೇಳಿದರೆ ಎದುರು ಪಕ್ಷ ನಿಮ್ಮ ಅವಸರವನ್ನು ಬೆಲೆಯಾಗಿ ಪರಿವರ್ತಿಸುತ್ತದೆ. ಖರೀದಿ ಒಪ್ಪಂದಕ್ಕೆ ಸಹಿ ಬಿದ್ದ ದಿನಕ್ಕೂ ವ್ಯವಹಾರ ಮುಗಿಯುವ ದಿನಕ್ಕೂ ನಡುವೆ ಕೆಲವು ವಾರಗಳ ಅಂತರ ಇಟ್ಟು, ಆ ಅವಧಿಯಲ್ಲಿ ಕೇಳುವುದು ಸೂಕ್ತ. ಅದಕ್ಕೂ ಮುಂಚೆ ಕೇಳಲೇಬೇಕಾದರೆ ಗೋಪ್ಯತೆಯ ಕರಾರು ಮಾಡಿಕೊಂಡು, ಸ್ಥಾಪಕರೇ ಆ ಕಂಪನಿಯ ನಿರ್ಧಾರ ತೆಗೆದುಕೊಳ್ಳುವವರ ಜೊತೆ ನೇರವಾಗಿ ಮಾತಾಡಲಿ. ಗುರುತಿಲ್ಲದ ಖರೀದಿದಾರನಿಂದ ಪತ್ರ ಹೋದರೆ ಅದು ನೇರ ಕಾನೂನು ವಿಭಾಗದ ಮೇಜಿಗೆ ಹೋಗಿ ಕೂರುತ್ತದೆ.

ಪತ್ರದಲ್ಲಿ ಒಪ್ಪಿಗೆ ಎಂಬ ಒಂದು ಮಾತು ಸಾಲದು. ನಮ್ಮ ಚಿಲ್ಲರೆ ಮಾರಾಟಗಾರನ ಬಳಿ ಇರುವುದು ರದ್ದು ಮಾಡುವ ಹಕ್ಕು. ಆದ್ದರಿಂದ ಅವನಿಂದ ಬೇಕಾದದ್ದು ಈ ವ್ಯವಹಾರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಲಿಖಿತ ಮಾತು. ವ್ಯವಹಾರವನ್ನು ಖರೀದಿದಾರನ ಹೆಸರಿನ ಸಮೇತ ವಿವರಿಸಿ, ಒಪ್ಪಂದ ಮತ್ತು ಅದರ ಎಲ್ಲ ತಿದ್ದುಪಡಿಗಳು ಜಾರಿಯಲ್ಲಿವೆ, ಈವರೆಗೆ ಯಾರ ಕಡೆಯಿಂದಲೂ ಉಲ್ಲಂಘನೆಯಿಲ್ಲ ಎಂಬ ದೃಢೀಕರಣವನ್ನೂ ಸೇರಿಸಿ. ಸಹಿ ಹಾಕುವವರಿಗೆ ಆ ಅಧಿಕಾರ ಇದೆಯೇ ಎಂದು ನೋಡಿ. ದಿನನಿತ್ಯ ಒಡನಾಡುವ ವ್ಯವಸ್ಥಾಪಕರು ಇಮೇಲ್‌ನಲ್ಲಿ "ನಮ್ಮ ಅಭ್ಯಂತರವಿಲ್ಲ" ಎಂದರೆ, ಒಪ್ಪಂದ ಲಿಖಿತ ತಿದ್ದುಪಡಿಯನ್ನೇ ಕೇಳುವಾಗ, ಅದನ್ನು ನೆಚ್ಚಿಕೊಳ್ಳಲಾಗದು.

ಹಂತ 5: ಒಪ್ಪಿಗೆ ಸಿಗದಿದ್ದರೆ

ಆಗ ಎರಡು ದಾರಿ. ಒಂದು, ವ್ಯವಹಾರದ ರೂಪವನ್ನೇ ಬದಲಿಸುವುದು. ನಕ್ಷೆ ಲೈಸೆನ್ಸ್‌ಗೆ ಇದು ಸಾಕು: ಆಸ್ತಿ ಖರೀದಿಯ ಯೋಚನೆ ಬಿಟ್ಟು ಷೇರು ಖರೀದಿಗೆ ಬಂದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ. ಚಿಲ್ಲರೆ ಮಾರಾಟಗಾರನ ಷರತ್ತು ಒಡೆತನವನ್ನೇ ಹಿಡಿದಿರುವುದರಿಂದ ಅಲ್ಲಿ ಈ ದಾರಿ ನಡೆಯದು. ಉಳಿಯುವುದು ಎರಡನೆಯದು, ಅಪಾಯವನ್ನು ಬೆಲೆಯಲ್ಲಿ ಹಂಚಿಕೊಳ್ಳುವುದು. ಅವನ ಬಿಡುಗಡೆ ಪತ್ರ ಬಂದರೆ ಮಾತ್ರ ವ್ಯವಹಾರ ಮುಗಿಸುವುದು ಎಂಬ ಪೂರ್ವಷರತ್ತನ್ನು ಖರೀದಿದಾರ ಕೇಳಬಹುದು. ಸ್ಟಾರ್ಟಪ್‌ನವರು ಅದರ ಬದಲು, ಬೆಲೆಯ ಒಂದು ಭಾಗ ಮೂರನೆಯವರ ಸುಪರ್ದಿಯ ಎಸ್ಕ್ರೊ ಖಾತೆಯಲ್ಲಿದ್ದು, ರದ್ದತಿಗೆ ಇರುವ 60 ದಿನ ಕಳೆದ ಮೇಲೆ ಬಿಡುಗಡೆಯಾಗಲಿ ಎಂದು ಚೌಕಾಸಿ ಮಾಡಬಹುದು. ಎಸ್ಕ್ರೊ ದಾರಿಯೇ ಮಾರುವವರಿಗೆ ಮೇಲು. ಪೂರ್ವಷರತ್ತು ಹಾಕಿದರೆ ಇಡೀ ವ್ಯವಹಾರದ ಕೀಲಿಕೈ ಗ್ರಾಹಕನ ಕೈಗೆ ಹೋಗುತ್ತದೆ.

ಹಂತ 6: ಖರೀದಿ ಮುಗಿದ ಮೇಲಿನ ವಿಲೀನ

ಅತಿ ಹೆಚ್ಚು ಮರೆತುಹೋಗುವ ಹಂತ ಇದೇ. ಷೇರು ಖರೀದಿ ಸುಸೂತ್ರವಾಗಿ ಮುಗಿದು ಕೆಲ ತಿಂಗಳಾದ ಮೇಲೆ, ಲೆಕ್ಕಪತ್ರ ಸರಳವಾಗಲೆಂದು ಸ್ಟಾರ್ಟಪ್ ಅನ್ನು ಮಾತೃಸಂಸ್ಥೆಯಲ್ಲಿ ವಿಲೀನ ಮಾಡುತ್ತಾರೆ. ಆ ಕ್ಷಣದಲ್ಲಿ ಲೈಸೆನ್ಸ್ ಪಡೆದಿದ್ದ ಕಂಪನಿ ಇಲ್ಲವಾಗುತ್ತದೆ.

ಅಮೆರಿಕದ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಮುಂದೆ 2009ರಲ್ಲಿ ಬಂದ ಸಿನ್‌ಕಾಮ್ ಮತ್ತು ನೊವೆಲಿಸ್ ಪ್ರಕರಣದಲ್ಲಿ ಹೀಗೇ ಆಯಿತು. ಒಂದೇ ಸಮೂಹದ ಕಂಪನಿಗಳು ಒಳಗೊಳಗೇ ವಿಲೀನವಾಗಿದ್ದವು. ತಂತ್ರಾಂಶ ಅದೇ ಕಂಪ್ಯೂಟರ್‌ನಲ್ಲಿ ಓಡುತ್ತಿತ್ತು. ಆದರೂ ಲೈಸೆನ್ಸ್ ಬೇರೆ ಕಂಪನಿಗೆ ಒಪ್ಪಿಗೆಯಿಲ್ಲದೆ ವರ್ಗವಾಗಿದೆ ಎಂದು ತೀರ್ಮಾನವಾಗಿ, ಮೂಲ ಲೈಸೆನ್ಸ್ ಶುಲ್ಕದಷ್ಟು, ಅಂದರೆ ಸುಮಾರು 4.6 ಲಕ್ಷ ಡಾಲರ್ ಪರಿಹಾರ ಕಟ್ಟಬೇಕಾಯಿತು.

ನಮ್ಮ ನಕ್ಷೆ ಲೈಸೆನ್ಸ್ ಇದೇ ಬಲೆಯ ಅಂಚಿನಲ್ಲಿದೆ. ಮೂರನೇ ಹಂತದಲ್ಲಿ ಮಾಡಿದ ಟಿಪ್ಪಣಿಯಲ್ಲಿ ಅದರ ಎದುರಿಗೆ "ಷೇರು ಖರೀದಿಗೆ ಅಡ್ಡಿಯಿಲ್ಲ, ಮುಂದಿನ ವಿಲೀನಕ್ಕೆ ಒಪ್ಪಿಗೆ ಬೇಕು" ಎಂದು ಬರೆದು, ಆ ಟಿಪ್ಪಣಿಯನ್ನು ಖರೀದಿ ತಂಡದಿಂದ ವಿಲೀನ ನೋಡಿಕೊಳ್ಳುವ ತಂಡಕ್ಕೆ ಒಪ್ಪಿಸಿ. ಲೈಸೆನ್ಸ್‌ನ ನವೀಕರಣ ಬಂದಾಗ, ಸಮೂಹದೊಳಗಿನ ವಿಲೀನಕ್ಕೂ ಇಡೀ ವ್ಯಾಪಾರವನ್ನು ಕೊಳ್ಳುವವರಿಗೂ ಒಪ್ಪಿಗೆ ಬೇಡ ಎಂಬ ಸಾಲನ್ನು ಸೇರಿಸಲು ಕೇಳಿ. ಅಲ್ಲಿಯವರೆಗೆ ಸ್ಟಾರ್ಟಪ್ ಬೇರೆ ಕಂಪನಿಯಾಗಿಯೇ ಉಳಿಯಲಿ.