ಪಕ್ಕದ ಬಡಾವಣೆಯ ಲಿಫ್ಟ್ ಸರ್ವೀಸ್ ಸಂಸ್ಥೆಯನ್ನು ಕೊಂಡಾಗ ನಾವು ಹಾಕಿದ ಲೆಕ್ಕ

ಲಿಫ್ಟ್ ಸರ್ವೀಸ್ ವ್ಯವಹಾರದಲ್ಲಿ ಲಾಭ ನಿಂತಿರುವುದು ಒಬ್ಬ ಮೆಕ್ಯಾನಿಕ್ ದಿನಕ್ಕೆ ಎಷ್ಟು ಲಿಫ್ಟ್ ನೋಡಬಲ್ಲ ಎಂಬುದರ ಮೇಲೆ. ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ತಿಂಗಳ ಸರ್ವೀಸಿಗೆ ಒಂದು ಗಂಟೆ ಹಿಡಿಯುತ್ತದೆ. ಆದರೆ ಸಂಜೆ ಬನಶಂಕರಿಯಿಂದ ಸರ್ಜಾಪುರ ರಸ್ತೆಗೆ ಬೈಕಿನಲ್ಲಿ ಹೋಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ದೂರದ ಐದು ಹೊಸ ಗಿರಾಕಿಗಳಿಗಿಂತ, ಈಗಾಗಲೇ ಹೋಗುತ್ತಿರುವ ರಸ್ತೆಯಲ್ಲೇ ಇರುವ ಎರಡು ಲಿಫ್ಟ್ ಮೇಲು. ನಾವು ಒಂದು ಚಿಕ್ಕ ಪ್ರತಿಸ್ಪರ್ಧಿ ಸಂಸ್ಥೆಯನ್ನು ಕೊಂಡದ್ದು ಈ ಕಾರಣಕ್ಕೆ. ಅವರ 180 ಲಿಫ್ಟ್‌ಗಳಲ್ಲಿ 110 ನಮ್ಮ ಹುಡುಗರು ದಿನವೂ ಓಡಾಡುವ ಜಯನಗರ, ಜೆ.ಪಿ. ನಗರ, ಬನಶಂಕರಿಯ ಬೀದಿಗಳಲ್ಲೇ ಇದ್ದವು. ನಮ್ಮ ಕೈಯಲ್ಲಿ ಆಗ 310 ಲಿಫ್ಟ್‌ಗಳಿದ್ದವು.

ಮಾರುವವರು ಕೊಟ್ಟ ಲೆಕ್ಕದಲ್ಲಿ ವರ್ಷಕ್ಕೆ 21 ಲಕ್ಷ ಲಾಭವಿತ್ತು. ವಾರ್ಷಿಕ ನಿರ್ವಹಣಾ ಒಪ್ಪಂದಗಳಿಂದ, ಅಂದರೆ ಎಎಂಸಿಯಿಂದ, ಸುಮಾರು 53 ಲಕ್ಷ, ರಿಪೇರಿ ಕೆಲಸದಿಂದ ಒಂದಿಷ್ಟು, ಖರ್ಚು ಕಳೆದು ಉಳಿದದ್ದು 21. ಅಂಕಿಗಳಲ್ಲಿ ಸುಳ್ಳಿರಲಿಲ್ಲ. ಆದರೆ ಎರಡು ಖರ್ಚುಗಳು ಆ ಪುಸ್ತಕದಲ್ಲಿ ಇರಲೇ ಇಲ್ಲ.

ಮೊದಲನೆಯದು ಮಾಲೀಕರ ಸ್ವಂತ ದುಡಿಮೆ. ಬೆಳಗ್ಗೆ ಕೆಲಸ ಹಂಚುವುದು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಾರ್ಯದರ್ಶಿಗಳ ಜೊತೆ ಮಾತಾಡುವುದು, ಲಿಫ್ಟ್ ನಡೆಸುವ ಹಳೆಯ ಕಂಟ್ರೋಲರ್ ಕೆಟ್ಟರೆ ತಾವೇ ಹೋಗಿ ಕೂರುವುದು ಎಲ್ಲ ಅವರದೇ. ಅದಕ್ಕೆ ಸಂಬಳ ಬರೆದುಕೊಂಡಿರಲಿಲ್ಲ. ಆ ಕೆಲಸಕ್ಕೆ ಅನುಭವಿ ಸೂಪರ್‌ವೈಸರ್ ಇಟ್ಟರೆ ವರ್ಷಕ್ಕೆ 9 ಲಕ್ಷ ಬೇಕು.

ಎರಡನೆಯದನ್ನು ಮಷೀನ್ ರೂಮ್ ಹತ್ತದೆ ಕಂಡುಹಿಡಿಯಲಾಗದು. ಅವರ 40 ಲಿಫ್ಟ್‌ಗಳು ಕಾಂಪ್ರಿಹೆನ್ಸಿವ್ ಎಎಂಸಿಯಲ್ಲಿದ್ದವು, ಅಂದರೆ ಬಿಡಿಭಾಗದ ಖರ್ಚೂ ಸರ್ವೀಸ್ ಕೊಡುವವರದೇ. ಇಂಥ ಒಪ್ಪಂದದಲ್ಲಿ ಹಗ್ಗ, ಬ್ಯಾಟರಿ, ಡೋರ್ ರೋಲರ್ ಬದಲಾಯಿಸುವುದನ್ನು ಒಂದು ವರ್ಷ ಮುಂದೂಡಿದರೆ ಆ ವರ್ಷದ ಲಾಭ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಆ ನಲವತ್ತನ್ನೂ ಒಂದೊಂದಾಗಿ ನೋಡಿದೆವು. ಸ್ಟೀಲ್ ಹಗ್ಗದಲ್ಲಿ ತುಂಡಾದ ಎಳೆಗಳಿವೆಯೇ, ಹಗ್ಗ ಓಡುವ ಶೀವ್ ಚಕ್ರದ ತೋಡಿನಲ್ಲಿ ಅದು ಕೆಳಗಿಳಿದು ಕೂತಿದೆಯೇ, ಲಿಫ್ಟಿನ ತಳದ ಗುಂಡಿಯಾದ ಪಿಟ್‌ನಲ್ಲಿ ನೀರು ನಿಂತು ಆಘಾತ ತಡೆಯುವ ಬಫರ್ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಕರೆಂಟ್ ಹೋದಾಗ ಬ್ಯಾಟರಿಯಿಂದ ಲಿಫ್ಟನ್ನು ಮಹಡಿಗೆ ತರುವ ಸಾಧನವಾದ ಎಆರ್‌ಡಿಯ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಲಿಫ್ಟ್ ಎರಡು ಮಹಡಿಗಳ ನಡುವೆ ಇರುವಾಗ, ಒಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಮೇನ್ಸ್ ತೆಗೆಯಬೇಕು. ಬ್ಯಾಟರಿ ಸರಿಯಿದ್ದರೆ ಲಿಫ್ಟ್ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯುತ್ತದೆ. ಬ್ಯಾಟರಿ ಸತ್ತಿದ್ದರೆ ಅಲ್ಲೇ ನಿಲ್ಲುತ್ತದೆ, ಅಂದರೆ ಮುಂದಿನ ಬಾರಿ ಕರೆಂಟ್ ಹೋದಾಗ ಒಳಗೆ ಸಿಕ್ಕಿಕೊಳ್ಳುವವರು ಅಲ್ಲಿನ ನಿವಾಸಿಗಳು. ಕಂಡದ್ದನ್ನೆಲ್ಲ ಸರಿಯಾದ ಸಮಯಕ್ಕೆ ಬದಲಾಯಿಸುತ್ತಾ ಹೋದರೆ ವರ್ಷಕ್ಕೆ ಇನ್ನೂ 2 ಲಕ್ಷ ಖರ್ಚು ಎಂದು ಲೆಕ್ಕ ಬಂತು. 21 ಲಕ್ಷ ಹೀಗೆ 10 ಲಕ್ಷಕ್ಕೆ ಇಳಿಯಿತು. ಬೆಲೆ ಕಟ್ಟಬೇಕಾದದ್ದು ಈ ಹತ್ತರ ಮೇಲೆ.

ಇನ್ನು ಎರಡೂ ಸೇರಿದರೆ ಸಿಗುವ ಉಳಿತಾಯ. ನಮ್ಮಲ್ಲಿ 8 ಮೆಕ್ಯಾನಿಕ್‌ಗಳು, ಅವರಲ್ಲಿ 5. ಒಟ್ಟು 13 ಜನಕ್ಕೆ 490 ಲಿಫ್ಟ್, ತಲೆಗೆ 38ರ ಆಸುಪಾಸು. ಬೀದಿಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟು ಮತ್ತೆ ಹಂಚಿದರೆ ಒಬ್ಬರು 45 ಲಿಫ್ಟ್ ನೋಡಬಹುದು, ಆಗ 11 ಜನ ಸಾಕು. ಇಬ್ಬರ ಸಂಬಳ ಸುಮಾರು 6 ಲಕ್ಷ. ಅವರ ಆಫೀಸಿನ ಬಾಡಿಗೆ ಮತ್ತು ಲೆಕ್ಕಪತ್ರದ ಖರ್ಚಿನಲ್ಲಿ 4 ಲಕ್ಷ. ಒಟ್ಟು 10 ಲಕ್ಷ. ಇದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯುವುದು ಬೇಕಿಲ್ಲ, ತೆಗೆಯಲೂ ಬಾರದು. ಈ ಕಸುಬಿನಲ್ಲಿ ವರ್ಷಕ್ಕೆ ಒಬ್ಬಿಬ್ಬರು ತಾವಾಗಿಯೇ ಬಿಟ್ಟು ಹೋಗುತ್ತಾರೆ, ಆ ಜಾಗ ತುಂಬದಿದ್ದರೆ ಆಯಿತು. ಬಿಡಿಭಾಗಗಳನ್ನು ಒಟ್ಟಿಗೆ ಕೊಂಡರೆ ಸಿಗುವ ರಿಯಾಯಿತಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, 490 ಲಿಫ್ಟ್‌ಗೆ ಯಾವ ಸರಬರಾಜುದಾರರೂ ದರ ಬದಲಿಸುವುದಿಲ್ಲ. ಹಳೆಯ ಲಿಫ್ಟ್‌ಗಳಿಗೆ ಹೊಸ ಕಂಟ್ರೋಲರ್ ಮಾರುವ ಆಸೆಗೂ ಸೊನ್ನೆಯನ್ನೇ ಬರೆದೆವು. ಅದು ಬಂದಾಗ ಬರಲಿ, ಬೆಲೆಯೊಳಗೆ ಬರಬಾರದು.

ಉಳಿತಾಯ ಬರೆದ ಹಾಳೆಯಲ್ಲೇ ನಷ್ಟವನ್ನೂ ಬರೆಯಬೇಕು, ಏಕೆಂದರೆ ಎರಡೂ ಹುಟ್ಟುವುದು ಒಂದೇ ಕಡೆ. ಬೀದಿಗಳನ್ನು ಮರುಹಂಚಿದರೆ ಮೆಕ್ಯಾನಿಕ್ ಬದಲಾಗುತ್ತಾನೆ. ಮೆಕ್ಯಾನಿಕ್ ಬದಲಾದರೆ ಅಸೋಸಿಯೇಷನ್‌ಗೆ ನಮ್ಮಲ್ಲಿ ಉಳಿಯಲು ಇದ್ದ ಕಾರಣವೇ ಹೋಗುತ್ತದೆ. ವಿಷಯ ತಿಳಿಸಲು ಹೋದ ಕಡೆಯೆಲ್ಲ ಕಾರ್ಯದರ್ಶಿಗಳ ಮೊದಲ ಪ್ರಶ್ನೆ ದರದ ಬಗ್ಗೆ ಇರಲಿಲ್ಲ. “ನಾಳೆಯಿಂದ ಬರೋದು ಅದೇ ಹುಡುಗನೇ ತಾನೇ ಸಾರ್?” ಎಂದೇ ಇತ್ತು. ನೂರಕ್ಕೆ ಹದಿನೈದರಷ್ಟು, ಅಂದರೆ 27 ಲಿಫ್ಟ್ ಕೈಬಿಡಬಹುದು ಎಂದು ಇಟ್ಟುಕೊಂಡೆವು. ಸರಾಸರಿ 29,000 ರೂಪಾಯಿಯ ಎಎಂಸಿಯಂತೆ ಹೋಗುವ ಆದಾಯ ಸುಮಾರು 8 ಲಕ್ಷ. ಅದರ ಜೊತೆ ಉಳಿಯುವ ಬಿಡಿಭಾಗ, ಪೆಟ್ರೋಲ್ ಕಳೆದರೆ ಲಾಭದಲ್ಲಿ ಬೀಳುವ ಪೆಟ್ಟು 6 ಲಕ್ಷ. ಹತ್ತು ಲಾಭ, ಹತ್ತು ಉಳಿತಾಯ, ಆರು ನಷ್ಟ: ಕೈಗೆ ನಿಲ್ಲುವುದು 14.

ಇಲ್ಲಿನ ಎಎಂಸಿಗಳು ಒಂದು ವರ್ಷದವು, ತಿಂಗಳ ನೋಟಿಸ್ ಕೊಟ್ಟು ಬಿಡಬಹುದಾದವು. ಆದ್ದರಿಂದ ಹಾಕಿದ ಹಣ ಮೂರು ವರ್ಷದಲ್ಲಿ ವಾಪಸ್ ಬರಬೇಕು ಎಂಬುದೇ ನಮ್ಮ ಅಳತೆ. ಮಾರದೆ ಇಟ್ಟುಕೊಂಡರೂ ಅವರಿಗೆ ಈ ಸಂಸ್ಥೆ ಹತ್ತರ ಮೂರು ಪಟ್ಟು, 30 ಲಕ್ಷ ಬಾಳುತ್ತದೆ. ನಮಗೆ ಹದಿನಾಲ್ಕರ ಮೂರು ಪಟ್ಟು, 42 ಲಕ್ಷ. ಅವರು ಕೇಳಿದ್ದು ಒಂದು ವರ್ಷದ ಪೂರ್ತಿ ಎಎಂಸಿ, 53 ಲಕ್ಷ. ಒಪ್ಪಂದವಾದದ್ದು 36ಕ್ಕೆ, ಅಂದರೆ ಲಿಫ್ಟಿಗೆ 20,000. ಉಳಿತಾಯವನ್ನು ಮಾಡಿ ತೋರಿಸಬೇಕಾದವರು ಕೊಳ್ಳುವವರು. ಅದರ ಪೂರ್ತಿ ಬೆಲೆಯನ್ನು ಮೊದಲೇ ಕೊಟ್ಟುಬಿಟ್ಟರೆ ದುಡಿಮೆ ಮಾತ್ರ ನಮ್ಮದಾಗುತ್ತದೆ.

ಆದರೆ 36 ಲಕ್ಷಕ್ಕೆ ಚೆಕ್ ಬರೆಯಬಾರದು. ಈ ವ್ಯವಹಾರದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ. ಎಎಂಸಿ ಹಣ ಮುಂಗಡವಾಗಿ ಬರುತ್ತದೆ. ಅವರ ಆದಾಯದಲ್ಲಿ ನೂರಕ್ಕೆ ಅರವತ್ತರಷ್ಟು ವರ್ಷಕ್ಕೊಮ್ಮೆ ಕಟ್ಟುವವರದು, ಉಳಿದದ್ದು ಮೂರು ತಿಂಗಳಿಗೊಮ್ಮೆ. ಏಪ್ರಿಲ್‌ನಲ್ಲಿ ವರ್ಷದ ಹಣ ಪಡೆದ ಸಂಸ್ಥೆ ಅಕ್ಟೋಬರ್ ಒಂದರಂದು ಕೈ ಬದಲಾದರೆ, ಉಳಿದ ಆರು ತಿಂಗಳು ಸರ್ವೀಸ್ ಮಾಡುವವರು ನಾವು, ಅದರ ಹಣ ಇರುವುದು ಅವರ ಬ್ಯಾಂಕ್ ಖಾತೆಯಲ್ಲಿ. ಹಸ್ತಾಂತರದ ದಿನಕ್ಕೆ ಪ್ರತಿ ಎಎಂಸಿಯ ಉಳಿದ ದಿನಗಳನ್ನು ಎಣಿಸಿ, ಜಿಎಸ್‌ಟಿ ಬಿಟ್ಟು ಕೂಡಿದಾಗ 18 ಲಕ್ಷವಾಯಿತು. ಸರ್ವೀಸಿಗೆ ತಗಲುವ ಖರ್ಚನ್ನಷ್ಟೇ ಕಳೆಯಿರಿ, ಪೂರ್ತಿ ಹಣವನ್ನಲ್ಲ ಎಂದು ಮಾರುವವರು ವಾದಿಸುವುದು ಸಹಜ. ಆದರೆ ಮೊದಲ ವರ್ಷದ ಲಾಭವನ್ನೂ ಸೇರಿಸಿಯೇ 36 ಎಂದು ಕಟ್ಟಿದ್ದೇವೆ, ಆದ್ದರಿಂದ ಆ ವರ್ಷದ ಆದಾಯವೂ ಪೂರ್ತಿಯಾಗಿ ನಮಗೆ ಬರಬೇಕು. 36ರಲ್ಲಿ ಅರ್ಧ ಈಗಾಗಲೇ ತಮ್ಮ ಖಾತೆಯಲ್ಲಿದೆ ಎಂದು ಹಾಳೆಯ ಮೇಲೆ ತೋರಿಸಿದಾಗ ಅವರಿಗೂ ಒಪ್ಪಿಗೆಯಾಯಿತು.

ಉಳಿದ 18ರಲ್ಲಿ 9 ಲಕ್ಷ ಅಂದೇ, 9 ಲಕ್ಷ ಹನ್ನೆರಡು ತಿಂಗಳ ನಂತರ. ಹೋಗುತ್ತವೆ ಎಂದು ನಾವೇ ಎಣಿಸಿದ್ದ 27 ಲಿಫ್ಟ್‌ಗಳಿಗೆ ಕಡಿತವಿಲ್ಲ, ಅದು ಆಗಲೇ ಬೆಲೆಯಲ್ಲಿ ಸೇರಿದೆ. ಇಪ್ಪತ್ತೆಂಟನೆಯದರಿಂದ ಒಂದೊಂದಕ್ಕೂ 20,000 ಕಡಿತ. ನಮ್ಮ ತಡದಿಂದಲೇ ಗಿರಾಕಿ ಹೋದರೆ ಮಾರಿದವರಿಗೆ ಅನ್ಯಾಯವಾಗಬಾರದಲ್ಲ? ಅದಕ್ಕೇ ಬ್ರೇಕ್‌ಡೌನ್ ದೂರಿಗೆ ನಾಲ್ಕು ಗಂಟೆಯೊಳಗೆ ಹೋಗದ ಪ್ರಸಂಗ ಎರಡು ಬಾರಿ ಆಗಿದ್ದ ಕಟ್ಟಡ ಕೈತಪ್ಪಿದರೆ ಅದು ನಮ್ಮ ಲೆಕ್ಕಕ್ಕೆ ಎಂದು ಬರೆದುಕೊಂಡೆವು. ಈ ಸಾಲು ಇಲ್ಲದಿದ್ದರೆ ವರ್ಷದ ಕೊನೆಗೆ ಜಗಳ ಖಂಡಿತ.

ಕಾಗದದ ವಿಷಯದಲ್ಲಿ ಎರಡು ಮಾತು ಸಾಕು. ಹಸ್ತಾಂತರಕ್ಕೆ ಮುಂಚಿನ ಜಿಎಸ್‌ಟಿ ಮತ್ತು ಪಿಎಫ್ ಬಾಕಿ ವ್ಯವಹಾರ ಕೊಂಡವರ ಮೇಲೂ ಬೀಳುತ್ತದೆ, ಆದ್ದರಿಂದ ರಿಟರ್ನ್ ಮತ್ತು ಚಲನ್‌ಗಳನ್ನು ಪೋರ್ಟಲ್‌ನಲ್ಲೇ ತೆರೆಸಿ ನೋಡಬೇಕು, ಪ್ರಿಂಟ್ ನಂಬಬಾರದು. ಎರಡನೆಯದು, ಗುಡ್‌ವಿಲ್ ಮಾರಿದ ಮಾಲೀಕರು ಅದೇ ಪ್ರದೇಶದಲ್ಲಿ ಮತ್ತೆ ಅದೇ ವ್ಯವಹಾರ ಮಾಡಬಾರದು ಎಂಬ ಷರತ್ತನ್ನು, ಅದು ಮಿತಿಯಲ್ಲಿದ್ದರೆ, ಭಾರತೀಯ ಕರಾರು ಕಾಯ್ದೆ 1872ರ 27ನೇ ಸೆಕ್ಷನ್ ಒಪ್ಪುತ್ತದೆ. ಆದರೆ ಕೆಲಸ ಬಿಟ್ಟ ಮೆಕ್ಯಾನಿಕ್‌ಗೆ ಅಂಥ ಷರತ್ತು ಹಾಕಿದರೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅವನು ನಾಳೆಯೇ ಸ್ವಂತ ಬೋರ್ಡ್ ಹಾಕಿ ತಾನು ನೋಡುತ್ತಿದ್ದ ಮೂವತ್ತು ಕಟ್ಟಡಗಳಿಗೂ ಹೋಗಬಹುದು. ಅವನನ್ನು ಉಳಿಸಿಕೊಳ್ಳಬೇಕಾದದ್ದು ಸಂಬಳದಿಂದ, ಗೌರವದಿಂದ.

ಹಾಗಾಗಿ ಮೊದಲ ದಿನಕ್ಕೆ ಮುಂಚೆಯೇ ಐವರ ಜೊತೆಗೂ ಕೂತು ಸಂಬಳ, ರಾತ್ರಿ ಕರೆಯ ಭತ್ಯೆ, ಪೆಟ್ರೋಲ್ ಮೂರನ್ನೂ ನಮ್ಮವರ ಮಟ್ಟಕ್ಕೆ ತಂದೆವು. ಅವರ ಹಿಂದಿನ ಸೇವೆಯ ವರ್ಷಗಳನ್ನು ಗ್ರಾಚ್ಯುಟಿಗೆ ಮುಂದುವರಿಸಿ ಪತ್ರ ಕೊಟ್ಟೆವು. ಆರು ತಿಂಗಳು ಯಾವ ಕಟ್ಟಡದ ಮೆಕ್ಯಾನಿಕ್ ಅನ್ನೂ ಬದಲಾಯಿಸಲಿಲ್ಲ. ಉಳಿತಾಯ ಅಷ್ಟು ತಡವಾಯಿತು, ಆದರೆ ತಡವಾಗಿ ಬಂದರೂ ನಷ್ಟವಿಲ್ಲ. ನಂತರ ಬದಲಾಯಿಸುವಾಗ ಹಳಬ ಹೊಸಬ ಇಬ್ಬರೂ ಎರಡು ತಿಂಗಳ ಸರ್ವೀಸಿಗೆ ಜೊತೆಯಾಗಿ ಹೋದರು.

ಹಸ್ತಾಂತರದ ದಿನ ಮರೆಯಲೇಬಾರದ ಎರಡು ವಸ್ತುಗಳಿವೆ. ಒಂದು, ಕ್ಯಾಬಿನ್ ಒಳಗೆ ಅಂಟಿಸಿದ ತುರ್ತು ಫೋನ್ ನಂಬರ್. ಚಿಕ್ಕ ಸಂಸ್ಥೆಗಳಲ್ಲಿ ಅದು ಮಾಲೀಕರ ಸ್ವಂತ ಮೊಬೈಲ್. ಜನ ಒಳಗೆ ಸಿಕ್ಕಿಕೊಂಡಾಗ ಕರೆ ಹೋಗುವುದು ಅಲ್ಲಿಗೇ. ಸ್ಟಿಕ್ಕರ್ ಬದಲಾಯಿಸಲು ತಿಂಗಳು ಹಿಡಿಯುತ್ತದೆ, ಆ ಸಿಮ್ ಮಾತ್ರ ಅಂದೇ ನಮ್ಮ ಹೆಸರಿಗೆ ಬರಬೇಕು. ಇನ್ನೊಂದು, ಕಂಟ್ರೋಲರ್ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳ ಪಾಸ್‌ವರ್ಡ್. ಎಷ್ಟೋ ಕಡೆ ಅದು ಮಾಲೀಕರ ಅಥವಾ ಹಿರಿಯ ಮೆಕ್ಯಾನಿಕ್‌ನ ನೆನಪಿನಲ್ಲಷ್ಟೇ ಇರುತ್ತದೆ. ಅದಿಲ್ಲದೆ ಡ್ರೈವ್ ಸೆಟ್ಟಿಂಗ್ ತಿದ್ದಲಾಗದು, ಒಂದು ಸಣ್ಣ ದೋಷಕ್ಕೆ ಪೂರ್ತಿ ಡ್ರೈವ್ ಬದಲಾಯಿಸುವ ಪ್ರಸಂಗ ಬರುತ್ತದೆ. ಒಂದೊಂದು ಲಿಫ್ಟಿನ ಪಾಸ್‌ವರ್ಡನ್ನೂ ಕೀಪ್ಯಾಡ್‌ನಲ್ಲಿ ಒತ್ತಿ ನೋಡಿ, ಸೆಟ್ಟಿಂಗ್‌ನ ಫೋಟೋ ತೆಗೆದುಕೊಂಡ ಮೇಲಷ್ಟೇ ಆ 9 ಲಕ್ಷದ ಮೊದಲ ಕಂತನ್ನು ಬಿಡುಗಡೆ ಮಾಡಿದೆವು.

ಮೊದಲ ನವೀಕರಣದಲ್ಲಿ ದರ ಏರಿಸಲಿಲ್ಲ. ಹೊಸ ಹೆಸರು ಮತ್ತು ಹೊಸ ದರ ಒಂದೇ ಪತ್ರದಲ್ಲಿ ಹೋದರೆ ಅಸೋಸಿಯೇಷನ್ ಮೂರು ಕೊಟೇಶನ್ ತರಿಸುತ್ತದೆ. ಕಾಂಪ್ರಿಹೆನ್ಸಿವ್ ಲಿಫ್ಟ್‌ಗಳಲ್ಲಿ ಮಾತ್ರ, ಹಗ್ಗ ಮತ್ತು ಬ್ಯಾಟರಿ ಬದಲಾಯಿಸಿ, ಹಳೆಯದನ್ನು ಕಾರ್ಯದರ್ಶಿಗೆ ತೋರಿಸಿ, ಎರಡನೆಯ ವರ್ಷ ದರದ ಮಾತು ಎತ್ತಿದೆವು.