ನಲವತ್ತು ಮೇಲ್ ಕೆಳಗೆ, ಐದು ಸಾಲು ಮೇಲೆ

ಉದ್ದದ ಮೇಲ್ ಸರಣಿಯನ್ನು ಹೊಸಬರಿಗೆ ಕಳಿಸುವಾಗ ಮೇಲೆ ಐದು ಸಾಲು ಬರೆದರೆ ಸಾಕು ಅಂದಾಗ ನಮ್ಮ ಆಫೀಸಲ್ಲಿ ಯಾರೂ ನಂಬಲಿಲ್ಲ. "ಕೆಳಗೆ ಎಲ್ಲಾ ಇದೆಯಲ್ಲ, ಓದ್ಕೋತಾರೆ ಬಿಡಿ" ಅಂದರು. ಯಾರೂ ಓದಿಕೊಳ್ಳಲ್ಲ.

ಬೆಳಗಾವಿ ಕಡೆಯ ಫೌಂಡ್ರಿಯಿಂದ 600 ಕಾಸ್ಟಿಂಗ್ ಬಂದಿತ್ತು, ಒಂದಕ್ಕೆ 310 ರೂಪಾಯಿ. 140ರಲ್ಲಿ ಗಾಳಿ ತೂತು, ವಾಪಸ್. ಆ ಜಗಳದ ನಲವತ್ತು ಚಿಲ್ಲರೆ ಮೇಲ್ ಅಕೌಂಟ್ಸ್‌ನ ಹೊಸಬರಿಗೆ "ಕೆಳಗೆ ನೋಡಿ" ಅಂತ ಹೋಯಿತು. ಅವರು ಇನ್‌ವಾಯ್ಸ್ ನೋಡಿ ಪೂರ್ತಿ ಹಣ ಹಾಕಿಬಿಟ್ಟರು. ಜಿಎಸ್‌ಟಿ ಬಿಟ್ಟೇ 43,400 ರೂಪಾಯಿ ಹೆಚ್ಚಿಗೆ ಹೋಯಿತು. ವಾಪಸ್ ಬರೋಕೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು.

ಮೊದಲ ಪ್ರಯತ್ನದಲ್ಲಿ ತಾರೀಕಿನ ಪ್ರಕಾರ ಕಥೆ ಬರೆದೆ, ಇಪ್ಪತ್ತು ಸಾಲಾಯಿತು. ಅದನ್ನೂ ಓದದೆ ಫೋನ್ ಮಾಡಿದರು. ತಪ್ಪು ಗೊತ್ತಾಗಿದ್ದು ಆಗ: ಹಿಂದೆ ಏನಾಯಿತು ಅನ್ನೋದು ಹೊಸಬರಿಗೆ ಬೇಡ, ತಾನೀಗ ಏನು ಮಾಡಬೇಕು ಅನ್ನೋದು ಬೇಕು. ಈಗ ಹೀಗೆ ಬರೆಯುತ್ತೇನೆ:

ನಿಮ್ಮಿಂದ ಬೇಕಾದ್ದು: 460 ಕಾಸ್ಟಿಂಗ್‌ಗೆ ಮಾತ್ರ 1,42,600 + ಜಿಎಸ್‌ಟಿ, ಶುಕ್ರವಾರದೊಳಗೆ.
ತೀರ್ಮಾನ ಆಗಿದ್ದು: 140 ರಿಜೆಕ್ಟ್, ಫೌಂಡ್ರಿಯವರು ಒಪ್ಪಿದ್ದಾರೆ (12ರ ಮೇಲ್).
ಬಾಕಿ: ವಾಪಸ್ ಸಾಗಾಟದ ಲಾರಿ ಬಾಡಿಗೆ ಯಾರದ್ದು? ಅದನ್ನು ಸದ್ಯ ಮುಟ್ಟಬೇಡಿ.
ಓದಬೇಕಾದ್ದು: 12ರ ಮೇಲ್, ಕ್ರೆಡಿಟ್ ನೋಟ್. ಉಳಿದದ್ದು ಬಿಟ್ಟರೂ ನಡೆಯುತ್ತೆ.
ಕೇಳೋದಿದ್ದರೆ: ನನಗೆ. ಫೌಂಡ್ರಿಗೆ ಉತ್ತರ ಬರೆಯಬೇಡಿ.

"ಬಾಕಿ" ಸಾಲು ಬಿಟ್ಟರೆ ಕೆಲಸ ಕೆಡುತ್ತೆ. ಇತ್ಯರ್ಥವಾಗದ ವಿಷಯವನ್ನೂ ಹೊಸಬರು ಆಗಿಹೋಗಿದೆ ಅಂದುಕೊಂಡು ಕೂರುತ್ತಾರೆ. ಮೊತ್ತಗಳನ್ನು ನೆನಪಿನಿಂದ ಹಾಕಬೇಡಿ, ಮೇಲ್‌ನಿಂದಲೇ ಕಾಪಿ ಮಾಡಿ. ಒಮ್ಮೆ 460 ಬದಲು 640 ಆಗಿತ್ತು.

ಜಿಮೇಲ್‌ನಲ್ಲಿ ಕೊನೆಯ ಮೇಲ್ ಒಂದನ್ನೇ ಫಾರ್ವರ್ಡ್ ಮಾಡಿದರೆ ಮಧ್ಯೆ ಕವಲೊಡೆದ ಉತ್ತರಗಳು ಬರಲ್ಲ, ಹಳೆಯ ಮೇಲ್‌ನ ಅಟ್ಯಾಚ್‌ಮೆಂಟೂ ಬರಲ್ಲ. ಸರಣಿಯ ಮೇಲಿರುವ ಮೂರು ಚುಕ್ಕಿಯಲ್ಲಿ Forward all ಒತ್ತಬೇಕು. ಅಲ್ಲೇ ಅಪಾಯವೂ ಇದೆ: ನಮ್ಮೊಳಗೆ ಬರೆದುಕೊಂಡ "ಇವರನ್ನು 290ಕ್ಕೆ ಇಳಿಸಬಹುದು" ಅನ್ನೋ ಮಾತೂ ಜೊತೆಗೇ ಹೋಗುತ್ತೆ. ಹೊರಗಿನವರಿಗಾದರೆ ಸರಣಿ ಕಳಿಸದೆ, ಬೇಕಾದ ಎರಡು ಮೇಲ್ ಮಾತ್ರ .eml ಆಗಿ ಲಗತ್ತಿಸುತ್ತೇನೆ.

ಸಾರಾಂಶವನ್ನು ಪ್ರತ್ಯೇಕ ವರ್ಡ್ ಫೈಲ್ ಮಾಡಿಯೂ ನೋಡಿದೆ. ತೆರೆದವರು ಐದರಲ್ಲಿ ಒಬ್ಬರೋ ಏನೋ. ಬಣ್ಣ ಹಾಕಿದ್ದೂ ದಂಡ, ಫೋನಲ್ಲಿ ಓದೋರಿಗೆ ಕಣ್ಣಿಗೆ ಹಿಂಸೆ.

ಈ ಐದು ಸಾಲಿಗೆ ಹತ್ತು ನಿಮಿಷ ಸಾಕು. ನನ್ನ ಮೇಲ್‌ಗೆ ಈಗ ಮರುಫೋನ್ ಬರೋದು ಹತ್ತರಲ್ಲಿ ಒಂದಕ್ಕೆ. ಸಬ್ಜೆಕ್ಟ್ ಸಾಲಿನಲ್ಲಿ ಏನು ಬದಲಿಸುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.