ಮಗಳ ಮೊದಲ ಬ್ರಾ: ಟೇಪು ಮೊದಲು, ಅಂಗಡಿ ಆಮೇಲೆ

ಬದಿಯಡ್ಕದಲ್ಲಿರುವ ನನ್ನ ಅಕ್ಕನ ಮಗಳಿಗೆ ಹನ್ನೆರಡು ವರ್ಷ. ಶಾಲೆಯಿಂದ ಬಂದವಳೇ ಬೆನ್ನಿಗೆ ಕೈ ಹಾಕಿ ಬ್ರಾದ ಪಟ್ಟಿಯನ್ನು ಕೆಳಗೆಳೆಯುತ್ತಿದ್ದಳು. ಕಾಸರಗೋಡು ಪೇಟೆಯ ಅಂಗಡಿಯಲ್ಲಿ “ಬೆಳೆಯುವ ಮಗು, ಎರಡು ವರ್ಷಕ್ಕೆ ಸಾಕು” ಎಂದು 34ನೇ ಅಳತೆ ಕೊಟ್ಟಿದ್ದರು. ಲಂಗ ದೊಡ್ಡದಾದರೆ ಮಡಚಿ ಹೊಲಿಯಬಹುದು, ಬ್ರಾಕ್ಕೆ ಆ ಉಪಾಯವಿಲ್ಲ. ಅದು ನಿಲ್ಲಬೇಕಾದದ್ದು ಎದೆಯ ಕೆಳಗಿನ ಪಟ್ಟಿಯ ಬಿಗಿಯಲ್ಲಿ. ಪಟ್ಟಿ ಸಡಿಲವಾದರೆ ಬೆನ್ನಿನಲ್ಲಿ ಮೇಲಕ್ಕೆ ಜಾರುತ್ತದೆ. ಅದಕ್ಕೆಂದು ಭುಜದ ಪಟ್ಟಿ ಬಿಗಿದರೆ ಇನ್ನಷ್ಟು ಮೇಲೇರಿ ಭುಜದಲ್ಲಿ ಗೆರೆ ಮೂಡುತ್ತದೆ.

ಆದ್ದರಿಂದ ಮೊದಲು ಮನೆಯಲ್ಲೇ ಅಳೆಯಿರಿ. ತೆಳುವಾದ ಶಮೀಜಿನ ಮೇಲೆ, ಎದೆಯ ಸರಿ ಕೆಳಗೆ, ದರ್ಜಿಯ ಟೇಪನ್ನು ಸುತ್ತಿ. ಬೆನ್ನಿನಲ್ಲೂ ಅದು ಒಂದೇ ಎತ್ತರದಲ್ಲಿರಲಿ. ಉಸಿರು ಬಿಟ್ಟಾಗಿನ ಅಳತೆ ಬರೆದುಕೊಳ್ಳಿ. ಟೇಪು ಹಿಡಿಯಲು ಅವಳಿಗೇ ಕಲಿಸಿದರೆ ಅವಳ ಮುಜುಗರ ಅರ್ಧ ಕಡಿಮೆಯಾಗುತ್ತದೆ. ನಮ್ಮ ಹುಡುಗಿಗೆ ಬಂದದ್ದು 26 ಇಂಚು, ಅಂದರೆ 66 ಸೆಂಟಿಮೀಟರ್. ಹಾಗೆಂದು 26 ಎಂದು ಕೇಳಲಾಗದು. ಕೆಲವು ಕಂಪನಿಗಳು ಇದಕ್ಕೆ ನಾಲ್ಕೈದು ಇಂಚು ಸೇರಿಸಿ ಸಂಖ್ಯೆ ಹಾಕುತ್ತವೆ, ಕೆಲವು ಸೇರಿಸುವುದಿಲ್ಲ. ಪೊಟ್ಟಣದ ಹಿಂದಿನ ಅಳತೆ ಕೋಷ್ಟಕದಲ್ಲಿ ಎದೆಯ ಕೆಳಗಿನ ಅಳತೆ ನೋಡಿಯೇ ಆರಿಸಿ. ಅವಳಿಗೆ ಒಂದು ಕಂಪನಿಯ 28 ಉಸಿರುಗಟ್ಟಿಸಿತು, ಇನ್ನೊಂದರ 30 ಸರಿಯಾಗಿ ಕುಳಿತಿತು.

ಕಪ್ ಮೆತ್ತನೆಯ ಹತ್ತಿಯದ್ದಾಗಿರಲಿ, ತಂತಿ ಬೇಡ. ಎದೆ ಮೊಳೆಯುವ ಕಾಲದಲ್ಲಿ ಮುಟ್ಟಿದರೆ ನೋವಾಗುತ್ತದೆ, ಒಂದು ಬದಿ ಮೊದಲು ಬೆಳೆಯುವುದೂ ಸಹಜ. ಹಿಗ್ಗುವ ಮೃದು ಬಟ್ಟೆ ಎರಡೂ ಬದಿಗೆ ಹೊಂದಿಕೊಳ್ಳುತ್ತದೆ. ಅಚ್ಚಿನ ಗಟ್ಟಿ ಕಪ್ ಹೊಂದುವುದಿಲ್ಲ. ಬಿಳಿ ಸಮವಸ್ತ್ರದೊಳಗೆ ಎದ್ದು ಕಾಣದಿರಲು ಬಿಳಿಗಿಂತ ಮೈಬಣ್ಣದ ಬಟ್ಟೆಯೇ ಒಳ್ಳೆಯದು.

ಹಾಕಿ ನೋಡುವಾಗ ಹೊಸ ಬ್ರಾವನ್ನು ಅತ್ಯಂತ ಸಡಿಲದ, ಅಂದರೆ ತುದಿಯ ಕೊಕ್ಕೆಗೆ ಸಿಕ್ಕಿಸಿ. ಇಲಾಸ್ಟಿಕ್ ಒಗೆತದಲ್ಲಿ ಸಡಿಲವಾದಂತೆ ಒಳಗಿನ ಕೊಕ್ಕೆಗಳು ಬೇಕಾಗುತ್ತವೆ. ಪಟ್ಟಿಯಡಿ ಎರಡು ಬೆರಳು ಹಿಡಿಯಬೇಕು. ಎರಡೂ ಕೈ ಎತ್ತಲಿ, ನೆಲದಿಂದ ಚೀಲ ಎತ್ತುವಂತೆ ಬಾಗಲಿ. ಪಟ್ಟಿ ಅಲ್ಲಾಡದಿದ್ದರೆ ಸರಿ. ಕಪ್‌ನ ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು, ಅಂಚು ಮೈಗೆ ಕಚ್ಚಿದರೆ ಚಿಕ್ಕದು. ಸಂಜೆ ಬಿಚ್ಚಿದಾಗ ತೆಳು ಗೆರೆ ಇದ್ದು ಬೇಗ ಮಾಯವಾದರೆ ಚಿಂತೆಯಿಲ್ಲ. ಕೆಂಪು ಉಳಿದು ಉರಿದರೆ ಅಳತೆ ಬದಲಿಸಿ. ನಮ್ಮ ಕರಾವಳಿಯ ಬೆವರಿನಲ್ಲಿ ಪಟ್ಟಿಯಡಿ ತುರಿಕೆ ಬೇಗ ಶುರುವಾಗುತ್ತದೆ; ಮನೆಗೆ ಬಂದೊಡನೆ ಬಿಚ್ಚಿ ಒಣ ಬಟ್ಟೆ ಹಾಕಲಿ.

ಮಳೆಗಾಲದಲ್ಲಿ ಒಗೆದದ್ದು ಮರುದಿನ ಬೆಳಿಗ್ಗೆಯೂ ತಣ್ಣಗೆ ತೇವವಾಗಿಯೇ ಇರುತ್ತದೆ. ಒಂದು ದುಬಾರಿ ಬ್ರಾದ ಬದಲು ಸಾಧಾರಣ ಹತ್ತಿಯ ಮೂರು ಕೊಳ್ಳಿ. ನಾಲ್ಕಾರು ತಿಂಗಳಿಗೊಮ್ಮೆ ಟೇಪು ಮತ್ತೆ ಹೊರಬರಲಿ.